3 ಗಂಟೆ 40 ನಿಮಿಷಕ್ಕೆ ಹೆಬ್ಬೆಟ್ಟು ಒತ್ತಿದವರು ಯಾರು?

ಕಾನೂನು ಕಾಲೇಜುಗಳ ಅಣಕು ನ್ಯಾಯಾಲಯಗಳಲ್ಲಿ ಎರಡು ಬಗೆ ಇವೆ. ಒಂದರಲ್ಲಿ ನಡೆದ ಸಂಗತಿಗಳ ಬಗ್ಗೆ ತಕರಾರಿಲ್ಲ. ಮೇಲ್ಮನವಿ ನಡೆಯುತ್ತಿದೆ ಎಂದುಕೊಂಡು ವಿದ್ಯಾರ್ಥಿಗಳು ಕಾನೂನಿನ ಪ್ರಶ್ನೆಯನ್ನಷ್ಟೇ ವಾದಿಸುತ್ತಾರೆ. ಇನ್ನೊಂದು ಅಣಕು ವಿಚಾರಣೆ. ಅಲ್ಲಿ ಏನು ನಡೆಯಿತು ಎಂಬುದೇ ತಕರಾರು. ಸಹಪಾಠಿಗಳು ಸಾಕ್ಷಿಗಳಾಗಿ ಕಟಕಟೆಗೆ ಬರುತ್ತಾರೆ, ಪ್ರಮಾಣ ಮಾಡುತ್ತಾರೆ, ಪಾಟೀ ಸವಾಲಿಗೆ ಒಳಗಾಗುತ್ತಾರೆ. ಈ ಎರಡನೆಯ ಬಗೆಗೆ ಎರಡು ಬರಹಗಳು ಬೇಕು. ಒಂದು ಆರಂಭಿಕ ಹೇಳಿಕೆ, ಮತ್ತೊಂದು ಯಾವ ಸಾಕ್ಷಿಯಿಂದ ಏನನ್ನು ಹೊರಡಿಸಬೇಕು ಎಂಬ ವಿಚಾರಣಾ ಯೋಜನೆ. ಸಾಮಾನ್ಯವಾಗಿ ವಿದ್ಯಾರ್ಥಿಗಳು ಮೊದಲನೆಯದನ್ನು ಮೊದಲು ಬರೆಯುತ್ತಾರೆ. ನಾನು ಅದನ್ನು ಕೊನೆಗೆ ಬರೆಯಿರಿ ಎನ್ನುತ್ತೇನೆ. ಏಕೆಂಬುದು ಒಂದು ಪ್ರಕರಣವನ್ನು ಬಿಡಿಸಿ ನೋಡಿದರೆ ತಿಳಿಯುತ್ತದೆ.

ಪ್ರಕರಣ ಕಲ್ಪಿತ. ಆದರೆ ಅದರ ಮಾದರಿ ನಮ್ಮ ನೋಂದಣಿ ಕಚೇರಿಗಳ ಸುತ್ತ ಓಡಾಡಿದವರಿಗೆಲ್ಲ ಪರಿಚಿತ.

ಒಂದು ಸೈಟು, ಎರಡು ಪತ್ರ

ಸೈಟಿನ ಒಡತಿಯನ್ನು ಸಾವಿತ್ರಮ್ಮ ಎಂದು ಕರೆಯೋಣ. ವಯಸ್ಸು 67. ಗಂಡ ತೀರಿಕೊಂಡ ಮೇಲೆ ಶಿವಮೊಗ್ಗದಲ್ಲಿ ಮಗನ ಮನೆಯಲ್ಲಿದ್ದಾರೆ. ಮೈಸೂರಿನಲ್ಲಿ 1994ರಲ್ಲಿ ಕೊಂಡ 30x40ರ ಖಾಲಿ ಸೈಟೊಂದು ಅವರ ಹೆಸರಿನಲ್ಲಿದೆ. ಆ ಕ್ರಯಪತ್ರದಲ್ಲಿ ಅವರು ಕನ್ನಡದಲ್ಲಿ ಸಹಿ ಮಾಡಿದ್ದಾರೆ.

2024ರ ಸೆಪ್ಟೆಂಬರ್ 11ರಂದು ಮಧ್ಯಾಹ್ನ 3 ಗಂಟೆ 40 ನಿಮಿಷಕ್ಕೆ ಮೈಸೂರಿನ ಉಪನೋಂದಣಾಧಿಕಾರಿ ಕಚೇರಿಯಲ್ಲಿ 'ಸಾವಿತ್ರಮ್ಮ' ಎಂಬ ಮಹಿಳೆ ಒಬ್ಬ ದಲ್ಲಾಳಿಯ ಹೆಸರಿಗೆ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಬರೆದುಕೊಡುತ್ತಾರೆ. ಕ್ಯಾಮೆರಾದಲ್ಲಿ ಅವರ ಫೋಟೊ ತೆಗೆಯಲಾಗುತ್ತದೆ. ಅವರು ಸಹಿ ಮಾಡುವುದಿಲ್ಲ, ಎಡಗೈ ಹೆಬ್ಬೆಟ್ಟು ಒತ್ತುತ್ತಾರೆ. 'ಇವರೇ ಸಾವಿತ್ರಮ್ಮ, ನಮಗೆ ಗೊತ್ತು' ಎಂದು ಇಬ್ಬರು ಗುರುತಿಸುತ್ತಾರೆ. ಸೆಪ್ಟೆಂಬರ್ 30ರಂದು ದಲ್ಲಾಳಿ ಆ ಅಧಿಕಾರದ ಮೇಲೆ ಸೈಟನ್ನು 42 ಲಕ್ಷ ರೂಪಾಯಿಗೆ ಒಬ್ಬ ಶಾಲಾ ಶಿಕ್ಷಕರಿಗೆ ಮಾರುತ್ತಾನೆ. ಹಣ ಬ್ಯಾಂಕಿನ ಮೂಲಕ ಅವನ ಖಾತೆಗೆ ಬರುತ್ತದೆ.

2025ರ ಜನವರಿಯಲ್ಲಿ ಇ-ಖಾತೆ ಮಾಡಿಸಲು ಹೋದ ಸಾವಿತ್ರಮ್ಮನ ಮಗನಿಗೆ ಋಣಭಾರ ಪತ್ರದಲ್ಲಿ ಬೇರೆಯವರ ಹೆಸರು ಕಾಣುತ್ತದೆ. ಜನವರಿ 20ರಂದು ತಾಯಿ ದೂರು ಕೊಡುತ್ತಾರೆ. ದಲ್ಲಾಳಿ ಆರೋಪಿಯಾಗುತ್ತಾನೆ. ಆ ದಿನ ಹೆಬ್ಬೆಟ್ಟು ಒತ್ತಿದ ಮಹಿಳೆ ಯಾರೆಂದು ಪೊಲೀಸರಿಗೆ ಪತ್ತೆಯಾಗುವುದಿಲ್ಲ.

ಅಪರಾಧ ನಡೆದದ್ದು 2024ರ ಜುಲೈ 1ರ ನಂತರವಾದ್ದರಿಂದ ಅನ್ವಯಿಸುವುದು ಭಾರತೀಯ ನ್ಯಾಯ ಸಂಹಿತೆ. ಹಳೆಯ ದಂಡ ಸಂಹಿತೆಯ 420, 467, 471ನೇ ಕಲಮುಗಳ ಜಾಗದಲ್ಲಿ ಈಗ 318(4), 338, 340(2) ಇವೆ. ನಾಲಿಗೆಗೆ ಹಳೆಯ ಸಂಖ್ಯೆಗಳೇ ರೂಢಿಯಾಗಿರುವುದರಿಂದ ವಿದ್ಯಾರ್ಥಿಗಳು ಮೊದಲು ಎಡವುವುದೇ ಇಲ್ಲಿ.

ಬಾಯಿಗೆ ಮೊದಲು ಬರುವ ವಾದ ಏಕೆ ನಿಲ್ಲುವುದಿಲ್ಲ

ಅಭಿಯೋಜನೆಯ ತಂಡ ಕಡತ ಓದಿದ ಕೂಡಲೇ ಒಂದು ಕಾಗದಕ್ಕೆ ಜೋತುಬೀಳುತ್ತದೆ. ಅದು ಶಿವಮೊಗ್ಗದ ಕಣ್ಣಿನ ಆಸ್ಪತ್ರೆಯ ಚೀಟಿ. ಸೆಪ್ಟೆಂಬರ್ 10ರಂದು ಸಾವಿತ್ರಮ್ಮನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ. 11ರ ಬೆಳಿಗ್ಗೆ ಮರುತಪಾಸಣೆಗೆ ಬಂದಿದ್ದಾರೆ. ಅದನ್ನು ನೋಡಿದವರು ಆರಂಭಿಕ ಹೇಳಿಕೆಯಲ್ಲಿ ಹೀಗೆ ಬರೆಯುತ್ತಾರೆ: 'ಸ್ವಾಮಿ, ಜಿಪಿಎ ಆದ ದಿನ ಸಾವಿತ್ರಮ್ಮ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದರು.'

ಆ ಚೀಟಿಯಲ್ಲಿ ಮರುತಪಾಸಣೆಯ ಸಮಯ ಬೆಳಿಗ್ಗೆ 10 ಗಂಟೆ 15 ನಿಮಿಷ ಎಂದಿದೆ. ಶಿವಮೊಗ್ಗದಿಂದ ಮೈಸೂರಿಗೆ ಸುಮಾರು 250 ಕಿಲೋಮೀಟರು. ಕಾರಿನಲ್ಲಿ ಐದು ಗಂಟೆಯ ದಾರಿ. ಹತ್ತೂಕಾಲಿಗೆ ಹೊರಟವರು ಮೂರೂವರೆಯ ಹೊತ್ತಿಗೆ ಮೈಸೂರು ತಲುಪಬಹುದು. ಪ್ರತಿವಾದಿ ವಕೀಲರು ಪಾಟೀ ಸವಾಲಿನಲ್ಲಿ ಎರಡೇ ಪ್ರಶ್ನೆ ಕೇಳುತ್ತಾರೆ. 'ಹತ್ತೂಕಾಲಿನ ನಂತರ ನೀವು ಆಸ್ಪತ್ರೆಯಲ್ಲಿ ಇರಲಿಲ್ಲ ಎಂದರೆ ಸರಿಯೇ?' 'ಸರಿ.' 'ಆ ಮಧ್ಯಾಹ್ನ ನೀವು ಮನೆಯಲ್ಲಿದ್ದಿರಿ ಎಂಬುದಕ್ಕೆ ಕಾಗದ ಏನೂ ಇಲ್ಲ ಎಂದರೆ ಸರಿಯೇ?' 'ಸರಿ.' ಆರಂಭದಲ್ಲಿ ಕೊಟ್ಟ ಮಾತು ಅಲ್ಲಿಗೆ ಮುರಿಯಿತು. ಉಳಿದ ಸಾಕ್ಷ್ಯ ಎಷ್ಟೇ ಗಟ್ಟಿಯಾಗಿದ್ದರೂ ನ್ಯಾಯಾಧೀಶರು ಇನ್ನು ಅದನ್ನು ಅನುಮಾನದಿಂದಲೇ ನೋಡುತ್ತಾರೆ.

ಆಸ್ಪತ್ರೆಯ ಚೀಟಿ ಸುಳ್ಳಲ್ಲ. ಅದು ಹೇಳುವುದು ಬೆಳಗಿನ ವಿಷಯ, ನಮಗೆ ಬೇಕಾದದ್ದು ಮಧ್ಯಾಹ್ನದ್ದು. ಆರಂಭಿಕ ಹೇಳಿಕೆಯನ್ನು ಕೊನೆಗೆ ಬರೆಯಿರಿ ಎನ್ನುವುದಕ್ಕೆ ಇದೇ ಕಾರಣ. ಯಾವ ಸಾಕ್ಷಿ ಎಲ್ಲಿಯವರೆಗೆ ಬರಬಲ್ಲರು ಎಂದು ತಿಳಿಯುವ ಮೊದಲೇ ಬರೆದರೆ, ಅವರು ಬರಲಾರದ ದೂರವನ್ನೂ ನಾವೇ ಮಾತು ಕೊಟ್ಟಿರುತ್ತೇವೆ.

ಆರೋಪವನ್ನೇ ಮೊದಲು ಬಿಡಿಸಬೇಕು

ಯೋಜನೆ ಆರಂಭವಾಗುವುದು ಸಾಕ್ಷಿಗಳಿಂದಲ್ಲ, ಆರೋಪದಿಂದ. ಇಂಥ ಪ್ರಕರಣಗಳಲ್ಲಿ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ದಾರಿಯನ್ನು ಗೊತ್ತುಮಾಡುತ್ತವೆ.

2009ರ ಮೊಹಮ್ಮದ್ ಇಬ್ರಾಹಿಂ ಪ್ರಕರಣದಲ್ಲಿ ನ್ಯಾಯಾಲಯ ಒಂದು ಗೆರೆ ಎಳೆಯಿತು. ಒಬ್ಬ ತನ್ನದಲ್ಲದ ಜಮೀನನ್ನು ತನ್ನದೆಂದು ಹೇಳಿ ತನ್ನ ಹೆಸರಿನಲ್ಲೇ ಮಾರಿದರೆ ಅದು ಸುಳ್ಳು ಹಕ್ಕು ಸಾಧನೆ, ಆದರೆ ಖೋಟಾ ದಸ್ತಾವೇಜು ಅಲ್ಲ. ತಾನು ಇನ್ನೊಬ್ಬ ವ್ಯಕ್ತಿಯೇ ಎಂದು ನಟಿಸಿ ಪತ್ರ ಮಾಡಿಕೊಟ್ಟರೆ ಖೋಟಾ. ಅದೇ ತೀರ್ಪಿನ ಇನ್ನೊಂದು ಅಂಶವೂ ನಮಗೆ ಬೇಕು: ಅಂಥ ಮಾರಾಟದಲ್ಲಿ ವಂಚನೆಗೆ ಒಳಗಾದವರು ಕೊಂಡವರು, ಏಕೆಂದರೆ ಸುಳ್ಳನ್ನು ನಂಬಿ ಹಣ ಕೊಟ್ಟವರು ಅವರು. ಮೂಲ ಒಡೆಯನಿಗೆ ಯಾರೂ ಏನನ್ನೂ ನಂಬಿಸಿರುವುದಿಲ್ಲ. ಹಾಗಾಗಿ ನಮ್ಮ ಪ್ರಕರಣದಲ್ಲಿ ವಂಚನೆಯ ಆರೋಪ ನಿಲ್ಲಬೇಕಾದರೆ ಸೈಟು ಕೊಂಡ ಶಿಕ್ಷಕರು ಕಟಕಟೆಗೆ ಬರಲೇಬೇಕು. ಸಾವಿತ್ರಮ್ಮನ ಅಳಲು ಆ ಜಾಗವನ್ನು ತುಂಬುವುದಿಲ್ಲ.

2018ರ ಶೀಲಾ ಸೆಬಾಸ್ಟಿಯನ್ ಪ್ರಕರಣ ನಮ್ಮದಕ್ಕೆ ಇನ್ನೂ ಹತ್ತಿರ. ಅಲ್ಲಿಯೂ ಒಡತಿಯ ಹೆಸರಿನಲ್ಲಿ ಬೇರೊಬ್ಬರು ಅಧಿಕಾರ ಪತ್ರ ಮಾಡಿಕೊಟ್ಟರೆಂಬ ಆರೋಪ ಇತ್ತು. ಖೋಟಾ ಪತ್ರವನ್ನು ಮಾಡಿದವರು ಇವರೇ ಎಂದು ತೋರಿಸದೆ, ಅದರಿಂದ ಲಾಭ ಪಡೆದವನ ಮೇಲೆ ಖೋಟಾ ಸೃಷ್ಟಿಯ ಆರೋಪ ಹೊರಿಸಲಾಗದು ಎಂದು ನ್ಯಾಯಾಲಯ ಹೇಳಿತು.

ನಮ್ಮ ಕಡತದಲ್ಲಿ ಹೆಬ್ಬೆಟ್ಟು ಒತ್ತಿದ ಮಹಿಳೆ ಸಿಕ್ಕಿಲ್ಲ. 'ದಲ್ಲಾಳಿ ಖೋಟಾ ಪತ್ರ ಸೃಷ್ಟಿಸಿದ' ಎಂಬುದನ್ನೇ ಮುಂದಿಟ್ಟುಕೊಂಡು ಹೊರಟ ತಂಡ ಈ ತೀರ್ಪಿನ ಎದುರು ಮುಗ್ಗರಿಸುತ್ತದೆ. ಹಿಡಿಯಬೇಕಾದ ದಾರಿ 340(2). ಖೋಟಾ ಎಂದು ಗೊತ್ತಿದ್ದೂ ಅಥವಾ ಗೊತ್ತಿರಲು ಕಾರಣವಿದ್ದೂ ಪತ್ರವನ್ನು ಅಸಲಿಯೆಂದು ಬಳಸಿದವನಿಗೆ, ಅದನ್ನು ಸೃಷ್ಟಿಸಿದವನಿಗೆ ಆಗುವಷ್ಟೇ ಶಿಕ್ಷೆ. ಅದರ ಜೊತೆಗೆ ಶಿಕ್ಷಕರಿಗೆ ಮಾಡಿದ ವಂಚನೆ.

ಈಗ ರುಜುವಾತು ಮಾಡಬೇಕಾದದ್ದು ಎರಡಕ್ಕೆ ಇಳಿಯಿತು. ಹೆಬ್ಬೆಟ್ಟು ಒತ್ತಿದವರು ಸಾವಿತ್ರಮ್ಮ ಅಲ್ಲ. ಅದು ದಲ್ಲಾಳಿಗೆ ಗೊತ್ತಿತ್ತು. ಮೊದಲನೆಯದಕ್ಕೆ ಕಾಗದವಿದೆ. ನಿಜವಾದ ಜಗಳ ಎರಡನೆಯದರಲ್ಲಿದೆ, ಏಕೆಂದರೆ ದಲ್ಲಾಳಿಯ ಸಮರ್ಥನೆಯೇ ಅದು: 'ನನಗೂ ಮೋಸವಾಗಿದೆ. ಯಾರೋ ಹೆಂಗಸು ಸಾವಿತ್ರಮ್ಮ ಎಂದು ಬಂದರು, ಆಧಾರ್ ತೋರಿಸಿದರು. ನಾನು ನಂಬಿ 35 ಲಕ್ಷ ನಗದು ಕೊಟ್ಟೆ.'

ಯಾರು, ಯಾವ ಕ್ರಮದಲ್ಲಿ

ಪ್ರಾಸಿಕ್ಯೂಷನ್ ಸಾಕ್ಷಿ 1 ಸಾವಿತ್ರಮ್ಮ. ಮುಖ್ಯ ವಿಚಾರಣೆಯಲ್ಲಿ ಅವರಿಂದ ಮೂರು ಸಂಗತಿ ಸಾಕು. ತಾನು ಜಿಪಿಎ ಬರೆದುಕೊಟ್ಟಿಲ್ಲ, ಫೋಟೊದಲ್ಲಿರುವವರು ತಾನಲ್ಲ. ತಾನು ಯಾವಾಗಲೂ ಕನ್ನಡದಲ್ಲಿ ಸಹಿ ಮಾಡುವವಳು. ಮೂರನೆಯದೇ ಇಡೀ ಪ್ರಕರಣದ ಬೀಗದ ಕೈ: 2024ರ ಫೆಬ್ರವರಿಯಲ್ಲಿ ಇದೇ ದಲ್ಲಾಳಿ ಶಿವಮೊಗ್ಗದ ಮನೆಗೆ ಬಂದು ಸೈಟು ಮಾರುತ್ತೀರಾ ಎಂದು ಕೇಳಿದ್ದ, ತಾನು ಒಲ್ಲೆ ಎಂದಿದ್ದೆ. ಅವನು ಅವರ ಮುಖ ನೋಡಿದ್ದರೆ, ಸೆಪ್ಟೆಂಬರಿನಲ್ಲಿ ಬೇರೆ ಮುಖವನ್ನು ನಂಬಿದೆ ಎನ್ನುವಂತಿಲ್ಲ.

ತನ್ನ ಸಾಕ್ಷಿಗೆ ಉತ್ತರವನ್ನು ಬಾಯಿಗಿಟ್ಟು ಕೇಳುವ ಹಾಗಿಲ್ಲ. 'ಫೆಬ್ರವರಿಯಲ್ಲಿ ಆರೋಪಿ ನಿಮ್ಮ ಮನೆಗೆ ಬಂದಿದ್ದರಲ್ಲವೇ?' ಎಂದರೆ ಎದುರು ಪಕ್ಷ ಆಕ್ಷೇಪಿಸುತ್ತದೆ. ಹೀಗೆ ಕೇಳಬೇಕು:

'ಅಮ್ಮಾ, ಕಟಕಟೆಯಲ್ಲಿ ನಿಂತಿರುವ ಇವರನ್ನು ಮೊದಲು ಎಲ್ಲಿ ನೋಡಿದಿರಿ?'

'ನಮ್ಮ ಮನೆ ಜಗಲಿ ಮೇಲೆ. ಮಗ ಕೂರಿಸಿ ಕಾಫಿ ಕೊಡಿಸಿದ.'

'ಅವರು ಏತಕ್ಕೆ ಬಂದಿದ್ದರು?'

'ಮೈಸೂರು ಸೈಟು ಕೊಡ್ತೀರಾ ಅಂತ ಕೇಳೋಕೆ. ಅದು ಮೊಮ್ಮಗಳಿಗೆ ಇಟ್ಟಿರೋದು ಕಣಪ್ಪ, ಕೊಡೋದಿಲ್ಲ ಅಂದೆ.'

ಈ ಭೇಟಿಯ ಮಾತು ಅವರ ಮೊದಲ ದೂರಿನಲ್ಲಿ ಇಲ್ಲ. ಎರಡು ವಾರದ ನಂತರ ಪೊಲೀಸರು ಬರೆದುಕೊಂಡ ಪೂರಕ ಹೇಳಿಕೆಯಲ್ಲಿ ಇದೆ. ಇದು ನಮ್ಮ ಕಡತದ ಅತಿ ದೊಡ್ಡ ಬಿರುಕು. ಪ್ರತಿವಾದಿ ಇಲ್ಲಿಗೇ ಕೈಹಾಕುತ್ತಾರೆ: 'ದೂರಿನಲ್ಲಿ ಈ ಭೇಟಿಯನ್ನು ಹೇಳಿಲ್ಲ ಎಂದರೆ ಸರಿಯೇ? ಪೊಲೀಸರು ಹೇಳಿಕೊಟ್ಟ ಮೇಲೆ ಸೇರಿಸಿದ್ದೀರಿ ಎಂದರೆ?' ಮುಖ್ಯವಾದ ಸಂಗತಿಯನ್ನು ಬಿಟ್ಟಿರುವುದೂ ವಿರೋಧಾಭಾಸವಾಗಬಹುದು ಎಂದು ನಮ್ಮ ಪ್ರಕ್ರಿಯಾ ಕಾನೂನೇ ಹೇಳುತ್ತದೆ.

ಬಿರುಕನ್ನು ಮುಚ್ಚಿಡಲು ನೋಡುವುದು ತಪ್ಪು. ಅದನ್ನು ಮುಖ್ಯ ವಿಚಾರಣೆಯಲ್ಲಿ ನಾವೇ ತೆರೆಯಬೇಕು. 'ದೂರು ಬರೆಸುವಾಗ ಈ ವಿಷಯ ಬರೆಸಿದಿರಾ?' 'ಇಲ್ಲಪ್ಪ. ಆವತ್ತು ಮಾರಿದವರು ಯಾರು ಅಂತಲೇ ಗೊತ್ತಿರಲಿಲ್ಲ. ಆಮೇಲೆ ಪೊಲೀಸರು ಅವರ ಫೋಟೊ ತೋರಿಸಿದಾಗ ಗುರುತು ಹತ್ತಿತು.' ಅದರ ಬೆನ್ನಿಗೆ ಕರೆ ವಿವರ ಬರಬೇಕು. ಫೆಬ್ರವರಿಯಲ್ಲಿ ದಲ್ಲಾಳಿಯ ನಂಬರಿನಿಂದ ಮಗನ ಮೊಬೈಲಿಗೆ ಎರಡು ಕರೆ ಹೋಗಿವೆ. ಕರೆ ವಿವರ ಭೇಟಿಯನ್ನು ಸಾಬೀತು ಮಾಡುವುದಿಲ್ಲ. ಆದರೆ ಇಬ್ಬರಿಗೂ ಸಂಪರ್ಕವೇ ಇರಲಿಲ್ಲ ಎನ್ನುವುದನ್ನು ತಳ್ಳಿಹಾಕುತ್ತದೆ, ತಾಯಿ ಮಗನ ಮಾತಿಗೆ ಊರುಗೋಲಾಗುತ್ತದೆ. ಆದ್ದರಿಂದ ಸಾಕ್ಷಿ 2 ಮಗ. ಸಾವಿತ್ರಮ್ಮ ಸಾಕ್ಷಿ ಹೇಳುವಾಗ ಅವನು ಕೋರ್ಟಿನ ಹೊರಗಿರಬೇಕು. ಒಳಗೆ ಕೂತು ಕೇಳಿ ಬಂದು ಅದನ್ನೇ ಹೇಳಿದರೆ ಆ ಮಾತಿಗೆ ತೂಕ ಇರುವುದಿಲ್ಲ.

ಸಾಕ್ಷಿ 3 ಉಪನೋಂದಣಾಧಿಕಾರಿ. ಇವರಿಂದ ನೆನಪನ್ನು ನಿರೀಕ್ಷಿಸಬಾರದು. ದಿನವೂ ಎಷ್ಟೋ ಪತ್ರ ನೋಂದಾಯಿಸುವವರಿಗೆ ಒಂದು ಮುಖ ನೆನಪಿರಬೇಕಿಲ್ಲ. ಅವರು ತರಬೇಕಾದದ್ದು ದಾಖಲೆ: ಹಾಜರಾದ ಸಮಯ, ಫೋಟೊ, ಹೆಬ್ಬೆಟ್ಟು, ಗುರುತಿಸಿದವರ ಹೆಸರು. ಫೋಟೊ ಮತ್ತು ಬೆರಳಚ್ಚು ಕಂಪ್ಯೂಟರಿನಿಂದ ತೆಗೆದದ್ದಾದ್ದರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಕರೆ ವಿವರಕ್ಕೂ ಅದು ಬೇಕು. ಎಷ್ಟೋ ಅಣಕು ವಿಚಾರಣೆಗಳಲ್ಲಿ ಈ ಒಂದು ಹಾಳೆ ಇಲ್ಲದೆ ಮುಖ್ಯ ದಾಖಲೆಯೇ ಗುರುತಾಗದೆ ಉಳಿಯುತ್ತದೆ.

ಪ್ರತಿವಾದಿ ಇವರನ್ನು ತಮ್ಮ ಕಡೆಗೆ ಎಳೆಯುತ್ತಾರೆ: 'ಗುರುತು ಖಚಿತವಾದ ಮೇಲೆಯೇ ನೋಂದಾಯಿಸಿದಿರಿ ಎಂದರೆ ಸರಿಯೇ?' ಅಧಿಕಾರಿ ಸರಿ ಎನ್ನುತ್ತಾರೆ, ಬೇರೆ ಹೇಳಿದರೆ ತನ್ನ ಕರ್ತವ್ಯಲೋಪ ಒಪ್ಪಿದಂತೆ. ಮರುವಿಚಾರಣೆಗೆ ಒಂದೇ ಪ್ರಶ್ನೆ ಇಟ್ಟುಕೊಂಡಿರಬೇಕು: 'ಆ ಖಚಿತತೆ ನಿಮಗೆ ಯಾವುದರಿಂದ ಬಂತು?' 'ಗುರುತಿಸಿದ ಇಬ್ಬರ ಮಾತಿನಿಂದ, ಅವರು ಕೊಟ್ಟ ಆಧಾರ್ ಪ್ರತಿಯಿಂದ.' ಆ ಖಚಿತತೆ ಎರವಲು ತಂದದ್ದು ಎಂಬುದು ನ್ಯಾಯಾಧೀಶರಿಗೆ ತಿಳಿಯಲು ಅಷ್ಟು ಸಾಕು.

ಸಾಕ್ಷಿ 4 ಬೆರಳಚ್ಚು ತಜ್ಞರು. ನೋಂದಣಿಯಲ್ಲಿರುವ ಅಚ್ಚಿನ ಗೆರೆಗಳು ಸುರುಳಿಯಾಗಿ ಸುತ್ತಿಕೊಂಡಿವೆ. ಸಾವಿತ್ರಮ್ಮನ ಎಡ ಹೆಬ್ಬೆಟ್ಟಿನ ಗೆರೆಗಳು ಕುಣಿಕೆಯಂತೆ ಒಂದು ಕಡೆಯಿಂದ ಬಂದು ಬಳಸಿ ಅದೇ ಕಡೆಗೆ ಹೋಗುತ್ತವೆ. ಮೂಲ ವಿನ್ಯಾಸವೇ ಬೇರೆಯಾದಾಗ ಸೂಕ್ಷ್ಮ ಬಿಂದುಗಳನ್ನು ಎಣಿಸುವ ಪ್ರಶ್ನೆಯೇ ಬರುವುದಿಲ್ಲ. ಎರಡು ಅಚ್ಚುಗಳನ್ನು ದೊಡ್ಡದಾಗಿ ಮುದ್ರಿಸಿ ಅಕ್ಕಪಕ್ಕ ಇಟ್ಟರೆ ಸಾಮಾನ್ಯ ಕಣ್ಣಿಗೂ ಕಾಣುತ್ತದೆ. ಪ್ರತಿವಾದಿಗೆ ಉಳಿಯುವುದು ಒಂದೇ ಪ್ರಶ್ನೆ: 'ಗಡಿಬಿಡಿಯಲ್ಲಿ ಬಲಗೈ ಬೆರಳನ್ನು ಒತ್ತಿರಬಹುದಲ್ಲ?' ತನಿಖಾಧಿಕಾರಿ ಎಡ ಹೆಬ್ಬೆಟ್ಟಿನ ಮಾದರಿ ಮಾತ್ರ ತೆಗೆದಿದ್ದರೆ ಇಲ್ಲಿ ಬಾಯಿ ಕಟ್ಟುತ್ತಿತ್ತು. ನಮ್ಮ ಕಡತದಲ್ಲಿ ಹತ್ತೂ ಬೆರಳುಗಳ ಮಾದರಿ ಇದೆ, ಒಂದೂ ಹೊಂದಿಲ್ಲ. ಈ ಸಂಗತಿ ಮುಖ್ಯ ವಿಚಾರಣೆಯಲ್ಲೇ ಬರಬೇಕು. ಆಸ್ಪತ್ರೆಯ ಚೀಟಿ ತುಂಬಲಾರದ ಮಧ್ಯಾಹ್ನವನ್ನು ತುಂಬುವುದು ಈ ಸಾಕ್ಷಿ.

ಸಾಕ್ಷಿ 5 ಸೈಟು ಕೊಂಡ ಶಿಕ್ಷಕರು. ದಲ್ಲಾಳಿ ತನ್ನ ಬಳಿ ಜಿಪಿಎ ತೋರಿಸಿ ಏನು ಹೇಳಿದ, ಅದನ್ನು ನಂಬಿ ಹಣ ಕೊಟ್ಟದ್ದು ಹೇಗೆ ಎಂಬುದಷ್ಟೇ ಇವರ ಪಾತ್ರ. ಸಾಕ್ಷಿ 6 ಬ್ಯಾಂಕಿನ ವ್ಯವಸ್ಥಾಪಕರು. 42 ಲಕ್ಷ ಬಂದ ವಾರದೊಳಗೆ 28 ಲಕ್ಷ ದಲ್ಲಾಳಿಯ ಸ್ವಂತ ಸಾಲಕ್ಕೆ ಹೋಗಿದೆ ಎಂದು ಖಾತೆಯ ವಿವರ ತೋರಿಸುತ್ತದೆ. ಕೊನೆಗೆ ತನಿಖಾಧಿಕಾರಿ.

ತಿರುಗಿ ಬೀಳುವ ಸಾಕ್ಷಿ

ಗುರುತಿಸಿದ ಇಬ್ಬರಲ್ಲಿ ಒಬ್ಬ ನೋಂದಣಿ ಕಚೇರಿಯ ಎದುರು ಟೀ ಅಂಗಡಿ ಇಟ್ಟವನು. 'ದಲ್ಲಾಳಿ ಹೇಳಿದ ಅಂತ ಸಹಿ ಹಾಕಿದೆ, ಆ ಹೆಂಗಸು ಯಾರೋ ಗೊತ್ತಿಲ್ಲ' ಎಂದು ಪೊಲೀಸರ ಮುಂದೆ ಹೇಳಿದ್ದಾನೆ. ಕೇಳಿದರೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ ಅನಿಸುತ್ತದೆ. ಆದರೆ ಕಟಕಟೆಯಲ್ಲಿ ಅದನ್ನೇ ಹೇಳಿದರೆ ತಾನು ಸುಳ್ಳು ಗುರುತು ಕೊಟ್ಟೆನೆಂದು ಒಪ್ಪಿಕೊಂಡಂತೆ. ಅವನು ತಿರುಗಿ ಬೀಳುತ್ತಾನೆ ಎಂದುಕೊಂಡೇ ಯೋಜನೆ ಮಾಡಬೇಕು.

'ಬಂದವರು ಸಾವಿತ್ರಮ್ಮನೇ' ಎಂದು ಅವನು ಹೇಳಿದ ಕ್ಷಣ, ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಿ ಪಾಟೀ ಸವಾಲಿಗೆ ಅನುಮತಿ ಕೇಳಬಹುದು. 157ನೇ ಕಲಮು ಅದಕ್ಕೆ ಅವಕಾಶ ಕೊಡುತ್ತದೆ. ಪೊಲೀಸ್ ಹೇಳಿಕೆಯ ಆ ಸಾಲನ್ನು ಓದಿ ಹೇಳಿ, ಹಾಗೆ ಹೇಳಿದ್ದು ನಿಜವೇ ಎಂದು ಕೇಳಬೇಕು. ಅವನು ಇಲ್ಲ ಎಂದರೆ ಆ ಭಾಗವನ್ನು ಗುರುತು ಮಾಡಿಸಿ, ಮುಂದೆ ತನಿಖಾಧಿಕಾರಿಯಿಂದ 'ಅವನು ನನ್ನೆದುರು ಹಾಗೇ ಹೇಳಿದ' ಎಂದು ಹೊರಡಿಸಬೇಕು.

ಹೆಚ್ಚಿನ ತಂಡಗಳು ತಪ್ಪುವುದು ಇದರ ನಂತರ. 'ಪೊಲೀಸ್ ಹೇಳಿಕೆಯಲ್ಲಿ ಹೀಗಿದೆ, ಆದ್ದರಿಂದ ದಲ್ಲಾಳಿಯೇ ಹೇಳಿಸಿದ್ದು ರುಜುವಾತಾಗಿದೆ' ಎಂದು ವಾದಿಸುತ್ತಾರೆ. ಪೊಲೀಸರಿಗೆ ಕೊಟ್ಟ ಹೇಳಿಕೆ ಸಾಕ್ಷ್ಯವಲ್ಲ. ಅದರಿಂದ ಅವನು ಕೋರ್ಟಿನಲ್ಲಿ ಹೇಳಿದ್ದನ್ನು ದುರ್ಬಲಗೊಳಿಸಬಹುದೇ ಹೊರತು, ಹೇಳಿಕೆಯಲ್ಲಿರುವುದನ್ನು ಸಾಬೀತು ಮಾಡಲಾಗದು. ಅವನನ್ನು ಕರೆದು ಇಷ್ಟೆಲ್ಲ ಮಾಡಿದರೂ ನಮಗೆ ಉಳಿಯುವುದು ಸೊನ್ನೆ. ಸ್ಪರ್ಧೆಯಲ್ಲಿ ಸಾಕ್ಷಿಗಳ ಸಂಖ್ಯೆ ಮತ್ತು ಸಮಯಕ್ಕೆ ಮಿತಿ ಇದ್ದರೆ ನಾನು ಅವನನ್ನು ಕರೆಯುವುದಿಲ್ಲ. ಕರೆಯದಿದ್ದರೆ ಆರಂಭಿಕ ಹೇಳಿಕೆಯಲ್ಲೂ ಅವನ ಸುದ್ದಿ ಎತ್ತಬಾರದು.

ಆರೋಪಿಗೆ ಇಡುವ ಕವಲು

ಆರೋಪಿ ಸಾಕ್ಷಿ ಹೇಳಲೇಬೇಕೆಂದಿಲ್ಲ, ಬಯಸಿದರೆ ಹೇಳಬಹುದು. ಅಣಕು ವಿಚಾರಣೆಯಲ್ಲಿ ಪ್ರತಿವಾದಿ ತಂಡ ಸಾಮಾನ್ಯವಾಗಿ ಅವನನ್ನು ಕರೆಯುತ್ತದೆ. ಅವನಿಗೆ ಕೇಳುವ ಪ್ರಶ್ನೆಗಳು ಚಿಕ್ಕವಿರಬೇಕು, ಹೌದು ಅಥವಾ ಇಲ್ಲ ಎಂಬುದರಲ್ಲಿ ಮುಗಿಯಬೇಕು. 'ಏಕೆ' ಎಂದು ಕೇಳಿದರೆ ಅವನು ಕಥೆ ಹೇಳಲು ನಾವೇ ವೇದಿಕೆ ಹಾಕಿಕೊಟ್ಟ ಹಾಗೆ.

ಮೊದಲ ಕವಲು ಭೇಟಿಯದು. 'ಫೆಬ್ರವರಿಯಲ್ಲಿ ನೀವು ಸಾವಿತ್ರಮ್ಮನ ಮನೆಗೆ ಹೋಗಿದ್ದಿರಿ ಎಂದರೆ?' ಸರಿ ಎಂದರೆ ಮುಖ ಗೊತ್ತಿತ್ತು ಎಂದಾಯಿತು. ಸರಿಯಲ್ಲ ಎಂದರೆ ಮುಂದಿನ ಪ್ರಶ್ನೆ ಕರೆ ವಿವರದ ಹಾಳೆ: 'ಈ ನಂಬರು ನಿಮ್ಮದೇ? ಈ ಎರಡು ಕರೆ ನೀವೇ ಮಾಡಿದ್ದೇ?' ಸಾವಿತ್ರಮ್ಮನ ಮಗನ ನಂಬರು ತನಗೆ ಎಲ್ಲಿಂದ ಬಂತು ಎಂಬುದನ್ನು ಅವನಿಂದ ಕೇಳಬೇಕಿಲ್ಲ. ಆ ಪ್ರಶ್ನೆಯನ್ನು ನ್ಯಾಯಾಧೀಶರ ಮನಸ್ಸಿಗೆ ಬಿಟ್ಟು ಮುಂದೆ ಹೋಗಬೇಕು.

ಎರಡನೆಯದು ಲೆಕ್ಕ. 'ನಿಮಗೆ ಬಂದದ್ದು 42 ಲಕ್ಷ?' 'ಹೌದು.' 'ಅದರಲ್ಲಿ 28 ಲಕ್ಷ ನಿಮ್ಮ ಸಾಲಕ್ಕೆ ಹೋಯಿತು?' 'ಹೌದು.' 'ಉಳಿದದ್ದು 14 ಲಕ್ಷ?' 'ಹೌದು.' 'ಆ ಹಣದಿಂದಲೇ ಸಾವಿತ್ರಮ್ಮನಿಗೆ 35 ಲಕ್ಷ ಕೊಟ್ಟೆ ಎಂದು ಪ್ರಮಾಣ ಮಾಡಿ ಹೇಳಿದ್ದೀರಿ?' ಹೌದು ಎಂದರೂ ಇಲ್ಲ ಎಂದರೂ ಅಲ್ಲಿಗೆ ನಿಲ್ಲಿಸಿ ಕೂರಬೇಕು.

ಈಗ ಆರಂಭಿಕ ಹೇಳಿಕೆ

ನಿಜವಾದ ನ್ಯಾಯಾಲಯದಲ್ಲಿ ಆರಂಭಿಕ ಹೇಳಿಕೆ ವಿಧಿಯಾಗಿ ಇರುವುದು ಸೆಷನ್ಸ್ ವಿಚಾರಣೆಯಲ್ಲಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 249ನೇ ಕಲಮಿನಂತೆ ಸರ್ಕಾರಿ ಅಭಿಯೋಜಕರು ಆರೋಪವನ್ನೂ ಅದನ್ನು ಯಾವ ಸಾಕ್ಷ್ಯದಿಂದ ಸಾಬೀತು ಮಾಡುತ್ತೇವೆ ಎಂಬುದನ್ನೂ ಹೇಳುತ್ತಾರೆ. ನಮ್ಮಂಥ ಪ್ರಕರಣ ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟರ ಮುಂದೆ ನಡೆಯುತ್ತದೆ, ಅಲ್ಲಿ ಈ ವಿಧಿ ಇಲ್ಲ. ಅಣಕು ವಿಚಾರಣೆಯ ನಿಯಮಗಳು ಎಲ್ಲ ಪ್ರಕರಣಕ್ಕೂ ಅದನ್ನು ಇಡುತ್ತವೆ. ಆದರೆ ಆ ಕಲಮಿನ ಮಾತು ಇಲ್ಲಿಗೂ ಅಳತೆಗೋಲಾಗಬಲ್ಲದು: ಆರೋಪ ಏನು, ಯಾವ ಸಾಕ್ಷ್ಯದಿಂದ. ವಾದ ಮಾಡುವ ಹೊತ್ತು ಇದಲ್ಲ. ಯೋಜನೆ ಮುಗಿದ ಮೇಲೆ ಬರೆದರೆ ಹೇಳಿಕೆ ಹೀಗೆ ಬರುತ್ತದೆ:

'ಸ್ವಾಮಿ, 2024ರ ಸೆಪ್ಟೆಂಬರ್ 11ರಂದು ಮಧ್ಯಾಹ್ನ 3 ಗಂಟೆ 40 ನಿಮಿಷಕ್ಕೆ ಮೈಸೂರಿನಲ್ಲಿ ಒಬ್ಬ ಮಹಿಳೆ ಹೆಬ್ಬೆಟ್ಟು ಒತ್ತಿದರು. ಆ ಒಂದು ಗುರುತಿನಿಂದ ಸಾವಿತ್ರಮ್ಮ ಮೂವತ್ತು ವರ್ಷ ಕಾಪಾಡಿಕೊಂಡ ಸೈಟು ಅವರ ಕೈಬಿಟ್ಟಿತು.

ಆ ಮಹಿಳೆ ಯಾರೆಂದು ನಾವು ಹೇಳಲಾರೆವು. ತನಿಖೆಯಲ್ಲಿ ಅವರು ಪತ್ತೆಯಾಗಿಲ್ಲ. ಆದರೆ ಅವರು ಸಾವಿತ್ರಮ್ಮ ಅಲ್ಲ ಎಂಬುದನ್ನು ರುಜುವಾತು ಮಾಡುತ್ತೇವೆ. ನೋಂದಣಿ ಕಚೇರಿಯ ಫೋಟೊ ನಿಮ್ಮ ಮುಂದೆ ಬರುತ್ತದೆ. ಸಾವಿತ್ರಮ್ಮನ ಹತ್ತು ಬೆರಳುಗಳಲ್ಲಿ ಯಾವುದೂ ಆ ಅಚ್ಚಿಗೆ ಹೊಂದುವುದಿಲ್ಲ ಎಂದು ತಜ್ಞರು ಹೇಳುತ್ತಾರೆ. ಆ ಬೆಳಿಗ್ಗೆ ಸಾವಿತ್ರಮ್ಮ ಶಿವಮೊಗ್ಗದ ಕಣ್ಣಿನ ಆಸ್ಪತ್ರೆಯಲ್ಲಿದ್ದರು. ಹತ್ತೂಕಾಲರ ನಂತರದ ಹೊತ್ತಿಗೆ ಆಸ್ಪತ್ರೆಯ ದಾಖಲೆ ಇಲ್ಲ, ಆ ಹೊತ್ತಿಗೆ ನಾವು ನೆಚ್ಚುವುದು ಬೆರಳಚ್ಚನ್ನು.

ಆರೋಪಿ ತನಗೂ ಮೋಸವಾಯಿತು ಎನ್ನುತ್ತಾರೆ. ಏಳು ತಿಂಗಳ ಹಿಂದೆ ಅವರು ಸಾವಿತ್ರಮ್ಮನ ಮನೆಗೆ ಹೋಗಿ ಅವರ ಎದುರು ಕೂತು ಸೈಟು ಕೇಳಿದ್ದರು ಎಂದು ತಾಯಿ, ಮಗ ಇಬ್ಬರೂ ಹೇಳುತ್ತಾರೆ. ಮೊದಲ ದೂರಿನಲ್ಲಿ ಈ ಸಂಗತಿ ಇಲ್ಲ. ಏಕಿಲ್ಲ ಎಂಬುದನ್ನು ಸಾವಿತ್ರಮ್ಮನ ಬಾಯಿಂದಲೇ ಕೇಳುವಿರಿ. ಮಾರಾಟದಿಂದ ಬಂದ ಹಣ ಎಲ್ಲಿ ಹೋಯಿತು ಎಂಬುದನ್ನು ಬ್ಯಾಂಕಿನ ದಾಖಲೆ ಹೇಳುತ್ತದೆ. ಬೇರೆ ಮುಖವೆಂದು ಗೊತ್ತಿದ್ದೂ ಆ ಪತ್ರವನ್ನು ಅಸಲಿಯೆಂದು ತೋರಿಸಿ ಒಬ್ಬ ಶಿಕ್ಷಕರಿಂದ 42 ಲಕ್ಷ ಪಡೆದರು ಎಂಬುದು ನಮ್ಮ ಆರೋಪ.'

ಈ ಹೇಳಿಕೆಯನ್ನು ಪರೀಕ್ಷಿಸುವುದು ಸುಲಭ. ಪ್ರತಿ ವಾಕ್ಯದ ಪಕ್ಕ ಅಂಚಿನಲ್ಲಿ ಅದನ್ನು ಹೇಳುವ ಸಾಕ್ಷಿಯ ಸಂಖ್ಯೆ ಬರೆಯಿರಿ. ಹತ್ತು ಬೆರಳಿನ ಮಾತಿಗೆ 4, ಭೇಟಿಗೆ 1 ಮತ್ತು 2, ಹಣಕ್ಕೆ 6. ಸಂಖ್ಯೆ ಸಿಗದ ವಾಕ್ಯ ಎಷ್ಟು ಚೆನ್ನಾಗಿದ್ದರೂ ಹೊಡೆದುಹಾಕಿ. 'ದಲ್ಲಾಳಿ ಆ ಮಹಿಳೆಯನ್ನು ಕರೆತಂದ' ಎಂಬ ವಾಕ್ಯ ಎಲ್ಲರ ಮೊದಲ ಕರಡಿನಲ್ಲೂ ಇರುತ್ತದೆ. ಅದನ್ನು ಕಣ್ಣಾರೆ ಕಂಡ ಸಾಕ್ಷಿ ನಮ್ಮ ಪಟ್ಟಿಯಲ್ಲಿ ಒಬ್ಬರೂ ಇಲ್ಲ.

ಗೆದ್ದ ಮೇಲೆ

ಯೋಜನೆಯಂತೆ ಎಲ್ಲ ನಡೆದರೆ ತೀರ್ಪು ಹೀಗೆ ಬರಬಹುದು: ಖೋಟಾ ಸೃಷ್ಟಿಯ ಆರೋಪ ರುಜುವಾತಾಗಿಲ್ಲ, ಖೋಟಾ ಪತ್ರದ ಬಳಕೆ ಮತ್ತು ವಂಚನೆ ರುಜುವಾತಾಗಿದೆ. ತಂಡ ಪರಸ್ಪರ ಕೈ ಕುಲುಕುವಾಗ ಸಾವಿತ್ರಮ್ಮನ ಪಾತ್ರ ಮಾಡಿದ ವಿದ್ಯಾರ್ಥಿನಿಗೆ ನಾನು ಒಂದು ಪ್ರಶ್ನೆ ಕೇಳುತ್ತೇನೆ. ಅಮ್ಮಾ, ನಾಳೆ ಋಣಭಾರ ಪತ್ರ ತೆಗೆಸಿದರೆ ಅದರಲ್ಲಿ ಯಾರ ಹೆಸರಿರುತ್ತದೆ?

ಕೊಂಡ ಶಿಕ್ಷಕರದೇ. ಕ್ರಿಮಿನಲ್ ನ್ಯಾಯಾಲಯ ದಲ್ಲಾಳಿಯನ್ನು ಶಿಕ್ಷಿಸಿತು, ಪತ್ರವನ್ನು ರದ್ದು ಮಾಡಲಿಲ್ಲ. ಅದಕ್ಕೆ ಸಾವಿತ್ರಮ್ಮ ಸಿವಿಲ್ ನ್ಯಾಯಾಲಯಕ್ಕೆ ಬೇರೆ ದಾವೆ ಹೂಡಬೇಕು. ನಿರ್ದಿಷ್ಟ ಪರಿಹಾರ ಕಾಯ್ದೆಯ 31ನೇ ಕಲಮಿನ ಪ್ರಕಾರ ಪತ್ರ ರದ್ದಾದರೆ, ನ್ಯಾಯಾಲಯ ಡಿಕ್ರಿಯ ಪ್ರತಿಯನ್ನು ಅದೇ ನೋಂದಣಿ ಕಚೇರಿಗೆ ಕಳುಹಿಸುತ್ತದೆ. ಅಲ್ಲಿನ ಅಧಿಕಾರಿ ತನ್ನ ಪುಸ್ತಕದಲ್ಲಿ ಆ ಪತ್ರದ ಪ್ರತಿಯ ಮೇಲೆ ರದ್ದತಿಯನ್ನು ನಮೂದಿಸುತ್ತಾರೆ. ಆ ದಾವೆಯಲ್ಲಿ ಎದುರು ನಿಲ್ಲುವವರಲ್ಲಿ ಶಿಕ್ಷಕರೂ ಒಬ್ಬರು. ಇವತ್ತು ನಮ್ಮ ಪರ ಸಾಕ್ಷಿ ಹೇಳಿದ, 42 ಲಕ್ಷ ಕಳೆದುಕೊಂಡ, ಯಾರಿಗೂ ಮೋಸ ಮಾಡದ ಅದೇ ಐದನೇ ಸಾಕ್ಷಿ. ಅವರನ್ನು ಮುಖ್ಯ ವಿಚಾರಣೆಯಲ್ಲಿ ಮಾತನಾಡಿಸುವಾಗ ಈ ವಿಷಯ ನೆನಪಿರಲಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುತ್ತೇನೆ.